ಹಸು ಸತ್ತದ್ದು ನಿಜ, ನನ್ನ ವರದಿ ಮಾತ್ರ ನಿಲ್ಲಲಿಲ್ಲ

ನಾನು ಪಶುವೈದ್ಯ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರದಿದ್ದಾಗ ಬರೆದ ಒಂದು ಶವಪರೀಕ್ಷೆ ವರದಿಯ ಕಥೆ ಇದು. ಆ ವರದಿಯಿಂದ ಒಬ್ಬ ರೈತನಿಗೆ ಸಿಗಬೇಕಿದ್ದ ಪರಿಹಾರ ತಪ್ಪಿತು. ಕರೆಂಟು ತಗುಲಿ ಸತ್ತ ದನಗಳ ವರದಿ ಬರೆಯುವವರಿಗೂ, ಅದನ್ನು ಕೈಯಲ್ಲಿ ಹಿಡಿದು ಅಲೆಯುವ ರೈತರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮಳೆಗಾಲ. ಹೊಲದ ಬದುವಿನಲ್ಲಿ ಕರೆಂಟು ಕಂಬ, ಅದು ವಾಲದಂತೆ ನೆಲಕ್ಕೆ ಬಿಗಿದ ಗೈ ವೈರ್ ಪಕ್ಕದಲ್ಲಿ ಮೇಯುತ್ತಿದ್ದ ಎಚ್.ಎಫ್. ಮಿಶ್ರತಳಿ ಹಸು ಸಂಜೆ ಹೊತ್ತಿಗೆ ಬಿದ್ದು ಸತ್ತಿತ್ತು. ಸುದ್ದಿ ನನಗೆ ಅಂದೇ ರಾತ್ರಿ ಬಂತು. ಕೃತಕ ಬೆಳಕಿನಲ್ಲಿ ಅಂಗಾಂಗಗಳ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಶವಪರೀಕ್ಷೆ ಹಗಲಲ್ಲೇ ಮಾಡಬೇಕು. ಅಲ್ಲಿಯವರೆಗೆ ನನ್ನ ತಪ್ಪಿರಲಿಲ್ಲ. ಆದರೆ ಬೆಳಿಗ್ಗೆ ಬೇರೆ ಕೆಲಸ ಮುಗಿಸಿ ಅಲ್ಲಿಗೆ ಹೋಗುವಾಗ ಮಧ್ಯಾಹ್ನ ದಾಟಿತ್ತು. ಸತ್ತು ಇಪ್ಪತ್ತು ಗಂಟೆಯಾಗಿತ್ತು. ಹೊಟ್ಟೆ ಡೋಲಿನಂತೆ ಉಬ್ಬಿತ್ತು, ಅಲ್ಲಲ್ಲಿ ಚರ್ಮ ಸುಲಿದು ಬರುತ್ತಿತ್ತು. ಲೈನ್‌ಮನ್ ಆಗಲೇ ಬಂದು ವೈರ್ ಸರಿಪಡಿಸಿ ಹೋಗಿದ್ದ.

ಹೆಣ ಕೊಯ್ದೆ. ರಕ್ತ ಕಪ್ಪಾಗಿತ್ತು, ಹೆಪ್ಪುಗಟ್ಟಿರಲಿಲ್ಲ. ಶ್ವಾಸನಾಳದೊಳಗೆ ಮತ್ತು ಹೃದಯದ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದವು. ಆಸ್ಪತ್ರೆಗೆ ಮರಳಿ, ನಾಲ್ಕು ದಿನ ಬಿಟ್ಟು ನೆನಪಿನಿಂದ ವರದಿ ಬರೆದೆ. ಕೊನೆಗೆ ಹೀಗೊಂದು ಸಾಲು: ‘ಕಂಬದ ತಂತಿಯ ನಿರ್ವಹಣೆ ಸರಿಯಿಲ್ಲದ ಕಾರಣ ಗೈ ವೈರ್‌ಗೆ ವಿದ್ಯುತ್ ಹರಿದು, ಅದು ತಗುಲಿ ಹಸು ಸತ್ತಿದೆ.’ ರೈತನಿಗೆ ಸಹಾಯವಾಗಲಿ ಎಂದೇ ಆ ಸಾಲು ಬರೆದಿದ್ದೆ.

ಮೂರು ವರ್ಷದ ನಂತರ ನನ್ನನ್ನು ಸಾಕ್ಷಿಗೆ ಕರೆದರು. ಎದುರು ಕಡೆಯ ವಕೀಲರು ಮೊದಲು ಆ ಕೊನೆಯ ಸಾಲನ್ನೇ ಓದಿಸಿದರು. “ಗೈ ವೈರ್‌ನಲ್ಲಿ ಕರೆಂಟು ಇದ್ದದ್ದನ್ನು ನೀವು ನೋಡಿದಿರಾ ಡಾಕ್ಟರೇ?” ಇಲ್ಲ ಎಂದೆ. “ಮತ್ತೆ ಯಾರು ಹೇಳಿದರು?” ಹಸುವಿನ ಮಾಲೀಕರು ಎಂದೆ. ಅಲ್ಲಿಗೆ, ನಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿ ಬರೆದದ್ದು ಯಾವುದು ಎಂಬ ಅನುಮಾನ ಇಡೀ ವರದಿಗೆ ಅಂಟಿತು.

ಎರಡನೆಯ ಪ್ರಶ್ನೆ ಇನ್ನೂ ಆಳದ್ದು. “ರಕ್ತ ಹೆಪ್ಪುಗಟ್ಟದಿರುವುದು ಅಂಥ್ರಾಕ್ಸ್‌ನಲ್ಲೂ ಉಂಟಲ್ಲವೇ? ರಕ್ತಲೇಪ ಪರೀಕ್ಷೆ ಮಾಡಿದ್ದೀರಾ?” ಮಾಡಿರಲಿಲ್ಲ. ಇದು ಕೋರ್ಟಿಗೆ ಮಾತ್ರ ಸಂಬಂಧಿಸಿದ ಲೋಪವಲ್ಲ, ಜೀವಕ್ಕೇ ಅಪಾಯ ತರುವಂಥದ್ದು. ದಿಢೀರನೆ ಸತ್ತ ದನವನ್ನು ಕೊಯ್ಯುವ ಮೊದಲು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಹರಡಿ, ಪಾಲಿಕ್ರೋಮ್ ಮಿಥಿಲೀನ್ ಬ್ಲೂ ಬಣ್ಣ ಹಾಕಿ ನೋಡಲೇಬೇಕು. ಅಂಥ್ರಾಕ್ಸ್ ಮನುಷ್ಯರಿಗೂ ಹರಡುವ ರೋಗ, ಅದು ಕಂಡರೆ ಹೆಣ ಕೊಯ್ಯುವಂತೆಯೇ ಇಲ್ಲ. ಮೂರನೆಯ ಪ್ರಶ್ನೆ ಹೊಟ್ಟೆಯುಬ್ಬರದ್ದು: ಹಸು ಉಬ್ಬರದಿಂದಲೇ ಸತ್ತಿರಬಾರದೇಕೆ? ಸತ್ತ ಮೇಲೂ ಹೊಟ್ಟೆ ಉಬ್ಬುತ್ತದೆ. ಜೀವವಿದ್ದಾಗಲೇ ಉಬ್ಬಿದ್ದರೆ ಅನ್ನನಾಳದ ಕುತ್ತಿಗೆಯ ಭಾಗ ಕೆಂಪೇರಿ, ಎದೆಯ ಭಾಗ ಬಿಳಿಚಿಕೊಂಡು, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಬೇಗ ನೋಡಿದ್ದರೆ ಆ ಗೆರೆ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಹುದಿತ್ತು. ಇಪ್ಪತ್ತು ಗಂಟೆ ಕೊಳೆತ ಮೇಲೆ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಕೊನೆಗೆ ಹಾಳೆಗಳನ್ನು ತಿರುವಿ ತೋರಿಸಿದರು. ಮೂರು ಪುಟದ ವರದಿಯಲ್ಲಿ ನನ್ನ ಸಹಿ ಕೊನೆಯ ಪುಟದಲ್ಲಿ ಮಾತ್ರ. ಮಹಜರಿನಲ್ಲಿ ಇಬ್ಬರು ಪಂಚರ ಹೆಸರು, ಸಹಿ ಒಬ್ಬರದ್ದು. ಎರಡನೆಯ ಪುಟದಲ್ಲಿ ಹಸುವಿನ ವಯಸ್ಸು ‘6’ ಇದ್ದದ್ದನ್ನು ‘5’ ಎಂದು ತಿದ್ದಿದ್ದೆ, ಪಕ್ಕದಲ್ಲಿ ಕಿರುಸಹಿ ಇರಲಿಲ್ಲ. ಆ ಪುಟ ಆಮೇಲೆ ಸೇರಿಸಿದ್ದಲ್ಲ ಎಂದು ತೋರಿಸುವ ದಾರಿಯೇ ನನಗಿರಲಿಲ್ಲ. ಹೊರಗೆ ಬಂದಾಗ ಆ ರೈತ, “ನೀವು ಒಳ್ಳೇದಕ್ಕೇ ಬರೆದ್ರಿ ಸಾರ್” ಎಂದರು. ಅರ್ಜಿ ವಜಾ ಆಯಿತು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕೆಲವು ವರ್ಷಗಳ ಮೇಲೆ ಬೇರೊಂದು ಊರಿನಲ್ಲಿ ಇಂಥದ್ದೇ ಕರೆ ಬಂತು. ಬೆಳಿಗ್ಗೆ ಆರೂವರೆಗೆ ಎಮ್ಮೆ ಸತ್ತಿತ್ತು, ಎಂಟಕ್ಕೆ ನಾನು ಅಲ್ಲಿದ್ದೆ. ಹೊರಡುವ ಮೊದಲು ಫೋನಿನಲ್ಲೇ ಮೂರು ಮಾತು ಹೇಳಿದ್ದೆ: ಕರೆಂಟು ತೆಗೆಸುವವರೆಗೆ ಯಾರೂ ಹತ್ತಿರ ಹೋಗಬೇಡಿ, ಹೆಣ ಎಳೆಯಬೇಡಿ, ಪೊಲೀಸ್ ಠಾಣೆಗೆ ದೂರು ಕೊಡಿ. ಮುಟ್ಟುವ ಮೊದಲು ಹೆಣ, ಕಂಬ, ತುಂಡಾದ ತಂತಿ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆಸಿದೆ. ಕಿವಿಯೋಲೆಯ ಹನ್ನೆರಡು ಅಂಕಿಗಳನ್ನು ಮಾಲೀಕರ ಪುಸ್ತಕ ನೋಡಿ ಬರೆಯದೆ ಓಲೆಯಿಂದಲೇ ಓದಿ ಬರೆದುಕೊಂಡೆ. ರಕ್ತಲೇಪ ನೋಡಿದೆ, ಅಂಥ್ರಾಕ್ಸ್ ಇರಲಿಲ್ಲ.

ಬಾಯಲ್ಲಿ ಜಗಿಯದ ಹುಲ್ಲು ಹಾಗೇ ಇತ್ತು, ಅಂದರೆ ಸಾವು ದಿಢೀರ್. ಮುಂಗಾಲಿನ ಗೊರಸಿನ ಮೇಲ್ಭಾಗದಲ್ಲಿ ನಾಲ್ಕು ಸೆಂ.ಮೀ. ಉದ್ದಕ್ಕೆ ಕೂದಲು ಸುಟ್ಟು ಸುರುಳಿಯಾಗಿತ್ತು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಸಿದೆ. ಸುಟ್ಟ ಚರ್ಮವನ್ನು ಪಕ್ಕದ ಒಳ್ಳೆಯ ಚರ್ಮದೊಂದಿಗೆ ಕತ್ತರಿಸಿ ಶೇಕಡಾ 10ರ ಫಾರ್ಮಲಿನ್‌ನಲ್ಲಿ ಹಾಕಿದೆ. ವಿಷದ ಪ್ರಶ್ನೆ ಬಂದರೆ ಉತ್ತರವಿರಲಿ ಎಂದು ಹೊಟ್ಟೆಯ ಮೇವು ಮತ್ತು ಯಕೃತ್ತಿನ ತುಂಡನ್ನು ಬೇರೆ ಬೇರೆ ಬಾಟಲಿಗಳಲ್ಲಿ ಇಟ್ಟೆ. ಇವನ್ನು ಫಾರ್ಮಲಿನ್‌ಗೆ ಹಾಕಬಾರದು, ಹಾಕಿದರೆ ವಿಷದ ಪರೀಕ್ಷೆ ಕೆಡುತ್ತದೆ. ಬಾಟಲಿಗಳಿಗೆ ಅರಗಿನ ಮುದ್ರೆ ಹಾಕಿ, ಮುದ್ರೆಯ ಮಾದರಿಯನ್ನು ಪೊಲೀಸರಿಗೆ ಕೊಟ್ಟು ಸ್ವೀಕೃತಿ ಪಡೆದೆ.

ಟಿಪ್ಪಣಿಯನ್ನು ಹೊಲದಲ್ಲೇ ಬರೆದೆ, ವರದಿಯನ್ನು ಅಂದೇ ಸಂಜೆ ಮುಗಿಸಿದೆ. ಈ ಬಾರಿ ಮೂರು ಭಾಗ ಬೇರೆ ಮಾಡಿದೆ. ಮಾಲೀಕರು ಹೇಳಿದ್ದು ‘ಮಾಲೀಕರ ಹೇಳಿಕೆಯಂತೆ’ ಎಂಬ ತಲೆಬರಹದಡಿ, ನಾನು ಕಂಡದ್ದು ಇನ್ನೊಂದು ಕಡೆ. ಅಭಿಪ್ರಾಯದ ಭಾಗದಲ್ಲಿ ಇಷ್ಟೇ: ‘ಸುಟ್ಟ ಗಾಯ ಮತ್ತು ಒಳಗಿನ ಲಕ್ಷಣಗಳು ವಿದ್ಯುತ್ ಆಘಾತದಿಂದಾಗುವ ದಿಢೀರ್ ಸಾವಿಗೆ ಹೊಂದುತ್ತವೆ. ಅಂಥ್ರಾಕ್ಸ್ ಮತ್ತು ಹೊಟ್ಟೆಯುಬ್ಬರದ ಲಕ್ಷಣ ಕಂಡಿಲ್ಲ. ವಿಷದ ಬಗ್ಗೆ ಪ್ರಯೋಗಾಲಯದ ವರದಿ ಬರಬೇಕಿದೆ.’ ತಂತಿ ಯಾಕೆ ತುಂಡಾಯಿತು ಎಂದು ಒಂದಕ್ಷರ ಬರೆಯಲಿಲ್ಲ. ಅದನ್ನು ಹೇಳಬೇಕಾದವರು ವಿದ್ಯುತ್ ಪರಿವೀಕ್ಷಕರು. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಾಣಿಗಳ ಸಾವಿಗೂ ಅನ್ವಯಿಸುತ್ತದೆ, ಅವರ ವಿಚಾರಣೆಗೆ ಅವಕಾಶವಿದೆ ಎಂದು ಮಾಲೀಕರಿಗೆ ತಿಳಿಸಿದೆ. ಪ್ರತಿ ಪುಟಕ್ಕೂ ಸಹಿ, ಮೊಹರು, ‘4ರಲ್ಲಿ 1’ ಎಂಬಂತೆ ಪುಟಸಂಖ್ಯೆ ಹಾಕಿದೆ. ಪಂಚರಿಬ್ಬರೂ ಹೊಲದಿಂದ ಹೊರಡುವ ಮೊದಲೇ ಸಹಿ ಹಾಕಿದರು. ಆ ಪ್ರಕರಣದಲ್ಲಿ ನನ್ನನ್ನು ಸಾಕ್ಷಿಗೆ ಕರೆಯುವ ಪ್ರಸಂಗವೇ ಬರಲಿಲ್ಲ, ಅದಕ್ಕೂ ಮೊದಲೇ ಪರಿಹಾರ ಬಂತು.

ಕಷ್ಟದ ಪ್ರಕರಣಗಳು ಈಗಲೂ ಇವೆ. ಒದ್ದೆ ನೆಲದಲ್ಲಿ ಹರಿದ ಕರೆಂಟು ದನದ ಮುಂಗಾಲು ಹಿಂಗಾಲುಗಳ ನಡುವೆ ಹಾದು ಕೊಂದರೂ ಎಷ್ಟೋ ಸಲ ಮೈಮೇಲೆ ಸುಟ್ಟ ಗುರುತೇ ಇರುವುದಿಲ್ಲ. ಆಗ ‘ಸುಟ್ಟ ಗುರುತು ಕಂಡಿಲ್ಲ’ ಎಂದೇ ಬರೆಯುತ್ತೇನೆ. ಪಕ್ಕದಲ್ಲೇ, ಗುರುತಿಲ್ಲದಿದ್ದ ಮಾತ್ರಕ್ಕೆ ವಿದ್ಯುತ್ ಆಘಾತವನ್ನು ತಳ್ಳಿಹಾಕಲಾಗದು ಎಂದೂ ಸೇರಿಸುತ್ತೇನೆ. ಮಾಲೀಕರಿಗೆ ಬೇಸರವಾಗುತ್ತದೆ. “ಕರೆಂಟಿಂದ ಸತ್ತಿದೆ ಅಂತ ಒಂದು ಸಾಲು ಬರೆದುಬಿಡಿ ಸಾರ್” ಎನ್ನುತ್ತಾರೆ. ಅವರನ್ನು ಕೂರಿಸಿಕೊಂಡು ಆ ಮೊದಲ ಹಸುವಿನ ಕಥೆ ಹೇಳುತ್ತೇನೆ, ಪರಿವೀಕ್ಷಕರ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ಜೊತೆಗೆ ಕೂತು ಬರೆದುಕೊಡುತ್ತೇನೆ.