ತತ್ತಿ ಇಟ್ಟ ಮೇಲೆ ಹಾಲು ಯಾಕೆ? ಪ್ಲಾಟಿಪಸ್ ಪಾಠ ಮಾಡುವ ನನ್ನ ಕ್ರಮ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಸಸ್ತನಿಗಳಿಗೆ ಉದಾಹರಣೆ ಕೊಡುವಾಗ ಪ್ಲಾಟಿಪಸ್ ಹೆಸರು ಬರುತ್ತದೆ, ಮೊಟ್ಟೆ ಇಡುತ್ತದೆ ಎಂಬ ಒಂದು ಮಾತಿನೊಂದಿಗೆ. ಅಲ್ಲಿಗೆ ಮುಗಿಯಿತು. ಕಲಬುರಗಿಯ ನಮ್ಮ ತರಗತಿಯಲ್ಲಿ ಆಗ ಏಳುವ ಪ್ರಶ್ನೆ ಒಂದೇ: “ತತ್ತಿ ಇಡತದಂದ್ರ ಮತ್ತ ಹಾಲು ಯಾಕ ಬೇಕ್ರಿ ಸರ್?” ಇದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ವರ್ಗೀಕರಣ ತಾನಾಗಿಯೇ ಅರ್ಥವಾಗುತ್ತದೆ. ಹಾಗಾಗಿ ನಾನು ಕೋಷ್ಟಕದಿಂದ ಶುರು ಮಾಡುವುದಿಲ್ಲ, ತತ್ತಿಯಿಂದ ಶುರು ಮಾಡುತ್ತೇನೆ.

ಬೇಕಾಗುವುದು ಒಂದು ಕೋಳಿತತ್ತಿ, ಐದು ಗೋಲಿ, ನೂರು ಮಿಲಿಲೀಟರಿನ ಅಳತೆ ಜಾಡಿ, ನಾಲ್ಕು ಕಾಳು ಜೋಳ. ಪ್ಲಾಟಿಪಸ್ ತತ್ತಿ ಸುಮಾರು 16 ಮಿಲಿಮೀಟರ್ ಅಗಲ, ಅಂದರೆ ಸಾಧಾರಣ ಆಟದ ಗೋಲಿಯಷ್ಟೇ. ಜಾಡಿಯಲ್ಲಿ 50ರ ಗೆರೆವರೆಗೆ ನೀರು ಹಾಕಿ ಐದೂ ಗೋಲಿಗಳನ್ನು ಜಾಡಿ ಓರೆ ಮಾಡಿ ಜಾರಿಸಬೇಕು. ಮೇಲಿಂದ ಬಿಟ್ಟರೆ ಗಾಜಿನ ತಳ ಸೀಳುತ್ತದೆ. ನೀರು ಹತ್ತು ಮಿಲಿಲೀಟರಿಗಿಂತ ತುಸು ಹೆಚ್ಚು ಏರುತ್ತದೆ, ಐದರಿಂದ ಭಾಗಿಸಿದರೆ ಒಂದಕ್ಕೆ ಎರಡು ಮಿಲಿಲೀಟರ್. ಒಂದೇ ಗೋಲಿ ಹಾಕಿ ಅಳೆಯಲು ಹೋದರೆ ಗೆರೆ ಓದುವುದರಲ್ಲೇ ಅರ್ಧದಷ್ಟು ತಪ್ಪಾಗಬಹುದು. ಕೋಳಿತತ್ತಿಯ ಗಾತ್ರ ಸುಮಾರು 50 ಮಿಲಿಲೀಟರ್. ಇಪ್ಪತ್ತೈದು ಪಟ್ಟು!

ಈಗ ತತ್ತಿ ಒಡೆದು ಬಟ್ಟಲಿಗೆ ಹಾಕಿ, ಹಳದಿ ಭಂಡಾರದ ಪಕ್ಕ ಒಂದು ಜೋಳದ ಕಾಳು ಇಡುತ್ತೇನೆ. ಪ್ಲಾಟಿಪಸ್ಸಿನ ಅಂಡ ಅಂಡಾಶಯದಿಂದ ಹೊರಡುವಾಗ ಭಂಡಾರ ಸೇರಿ ಸುಮಾರು 4 ಮಿಲಿಮೀಟರ್, ಆ ಕಾಳಿನಷ್ಟು. ಗರ್ಭಕೋಶದಲ್ಲಿ ತಾಯಿಯ ಸ್ರಾವವನ್ನು ಹೀರಿಕೊಂಡು ಅದು ಗೋಲಿಯಷ್ಟು ಉಬ್ಬುತ್ತದೆ. ಅಗಲ ನಾಲ್ಕು ಪಟ್ಟಾದರೆ ಗಾತ್ರ 64 ಪಟ್ಟು. ಈ ಲೆಕ್ಕವನ್ನು ಮಕ್ಕಳೇ ಮಾಡಬೇಕು. ಇಷ್ಟು ಬುತ್ತಿ ಕಟ್ಟಿಕೊಂಡು ಎಷ್ಟು ದಿನ ಬದುಕಲು ಸಾಧ್ಯ? ಕೋಳಿಮರಿ 21 ದಿನ ಒಳಗಿದ್ದು, ರೆಕ್ಕೆಪುಕ್ಕ ಬಂದು, ತಾನೇ ಕಾಳು ಕುಕ್ಕುವ ಸ್ಥಿತಿಯಲ್ಲಿ ಹೊರಬರುತ್ತದೆ. ಪ್ಲಾಟಿಪಸ್ ಮರಿ ಕಾವು ಕೂತ ಹತ್ತು ದಿನಕ್ಕೇ ಹೊರಬೀಳುತ್ತದೆ. ಕೂದಲಿಲ್ಲ, ಕಣ್ಣು ತೆರೆದಿಲ್ಲ. ಉಳಿದ ಬೆಳವಣಿಗೆಯೆಲ್ಲ ಮೂರು ನಾಲ್ಕು ತಿಂಗಳ ಹಾಲಿನಲ್ಲಿ. ಅಲ್ಲಿ ತತ್ತಿ ಕೆಲಸ ಶುರು ಮಾಡುತ್ತದೆ, ಹಾಲು ಮುಗಿಸುತ್ತದೆ.

ಹಾಲು ಬರುವ ರೀತಿ ತೋರಿಸಲು ಅಂಗೈಯಗಲದ ಕಂಬಳಿ ತುಂಡು ಸಾಕು. ಕೆಳಗಿನಿಂದ ಪಿಪೆಟ್‌ನಲ್ಲಿ ಹಾಲು ಹನಿಸಿದರೆ ಎಳೆಗಳ ನಡುವೆ ಒಸರುತ್ತದೆ. ಹೊಸ ಕಂಬಳಿಯಲ್ಲಿ ಉಣ್ಣೆಯ ಜಿಡ್ಡಿಗೆ ಹಾಲು ಜಾರಿಹೋಗುತ್ತದೆ, ಆದ್ದರಿಂದ ಹಿಂದಿನ ದಿನ ಸಾಬೂನು ನೀರಲ್ಲಿ ಒಗೆದಿಡಬೇಕು. ಈ ಪ್ರಾಣಿಗಳಿಗೆ ಮೊಲೆತೊಟ್ಟು ಇಲ್ಲ. ಗ್ರಂಥಿಗಳ ನಾಳಗಳು ಹೊಟ್ಟೆಯ ಎರಡು ಜಾಗದಲ್ಲಿ ನೇರ ಚರ್ಮಕ್ಕೇ ತೆರೆದಿವೆ, ಮರಿ ಅಲ್ಲಿಂದಲೇ ಹೀರುತ್ತದೆ. ನಮ್ಮ ಬೇಸಿಗೆಯಲ್ಲಿ ಆ ತುಂಡನ್ನು ಸಂಜೆವರೆಗೆ ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಬಯಲಿಗೆ ಒಸರುವ ಹಾಲಿಗೆ ಸೋಂಕಿನ ಭಯ ಹೆಚ್ಚು. ಇವುಗಳ ಹಾಲಿನಲ್ಲಿ ಮಾತ್ರ ಕಂಡುಬಂದಿರುವ, ಬ್ಯಾಕ್ಟೀರಿಯಾ ತಡೆಯುವ ಒಂದು ಪ್ರೋಟೀನು ಇರುವುದಕ್ಕೆ ಇದೇ ಕಾರಣವಿರಬಹುದು.

ಇನ್ನು ವರ್ಗೀಕರಣ. ಕಪ್ಪುಹಲಗೆಯ ಮೇಲೆ ಮೂರೇ ಅಂಕಿ ಬರೆಯುತ್ತೇನೆ: ಕೋಳಿ 3, ಪ್ಲಾಟಿಪಸ್ 1, ಆಕಳು 0. ಇವು ಭಂಡಾರದ ಪ್ರೋಟೀನ್ ವೈಟೆಲ್ಲೊಜೆನಿನ್ ತಯಾರಿಸುವ, ಇನ್ನೂ ಕೆಲಸ ಮಾಡುತ್ತಿರುವ ಜೀನುಗಳ ಸಂಖ್ಯೆ; 2008ರಲ್ಲಿ ಪ್ರಕಟವಾದ ಅಧ್ಯಯನದ್ದು. ಕೆಳಗಿನ ಸಾಲಿನಲ್ಲಿ ಹಾಲಿನ ಪ್ರೋಟೀನ್ ಕೇಸಿನ್: ಕೋಳಿಗೆ ಇಲ್ಲ, ಪ್ಲಾಟಿಪಸ್ಸಿಗೆ ಉಂಟು, ಆಕಳಿಗೆ ಉಂಟು. ಹಾಲು ಮೊದಲು ಬಂತು, ತತ್ತಿ ಆಮೇಲೆ ಹೋಯಿತು. ಹಾಲು ಸಿಕ್ಕ ಮೇಲೆ ಭಂಡಾರದ ಜೀನು ಕೆಟ್ಟರೂ ಮರಿ ಸಾಯಲಿಲ್ಲ, ಒಂದೊಂದಾಗಿ ಕಳಚಿಹೋದವು.

ಸಸ್ತನಿಗಳ ವಂಶವೃಕ್ಷದ ಚಿತ್ರದಲ್ಲಿ ಕೂದಲು, ಹಾಲು, ನಡುಗಿವಿಯ ಮೂರು ಮೂಳೆಗಳನ್ನು ಕವಲೊಡೆಯುವ ಮೊದಲೇ ಕಾಂಡದ ಮೇಲೆ ಗುರುತಿಸಬೇಕು. ಒಂದು ಕವಲು ತತ್ತಿ ಇಡುವ ಸಸ್ತನಿಗಳಾದ ಮೊನೊಟ್ರೀಮ್‌ಗಳದ್ದು: ಒಂದು ಪ್ಲಾಟಿಪಸ್, ನಾಲ್ಕು ಎಕಿಡ್ನಾ, ಒಟ್ಟು ಐದೇ ಪ್ರಭೇದ. ಇನ್ನೊಂದು ಕವಲಿನ ಮೇಲೆ ಮೊಲೆತೊಟ್ಟು, ಮರಿ ಹಾಕುವುದು. ಅದು ಮುಂದೆ ಕಾಂಗರೂ ಗುಂಪಾಗಿ, ನಮ್ಮ ಗುಂಪಾಗಿ ಒಡೆಯುತ್ತದೆ.

ಉತ್ತರಪತ್ರಿಕೆಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಪ್ಲಾಟಿಪಸ್ಸನ್ನು ಕಾಂಡದ ಬುಡದಲ್ಲಿಟ್ಟು ನಮ್ಮ ಪೂರ್ವಜ ಅನ್ನುವುದು. ಅದು ಇಂದು ಬದುಕಿರುವ ಪ್ರಾಣಿ, ಆಕಳಿನ ಸಮಕ್ಕೆ ಕವಲಿನ ತುದಿಯಲ್ಲಿ ಬರಬೇಕು. ಇನ್ನೊಂದು ಎಕಿಡ್ನಾದ್ದು. ಮುಳ್ಳು ನೋಡಿ ನಮ್ಮ ಹೊಲದ ಮುಳ್ಳುಹಂದಿಯ ಜೊತೆ ಸೇರಿಸುತ್ತಾರೆ, ಚೀಲ ಇದೆಯೆಂದು ಕಾಂಗರೂ ಜೊತೆ ಸೇರಿಸುತ್ತಾರೆ. ಮುಳ್ಳುಹಂದಿ ಇಲಿಯ ಬಳಗ. ಕಾಂಗರೂ ಚೀಲದೊಳಗೆ ತೊಟ್ಟು ಇದೆ, ಎಕಿಡ್ನಾದ ಚೀಲದೊಳಗೆ ಒಂದು ತತ್ತಿ ಮತ್ತು ತೊಟ್ಟಿಲ್ಲದ ಎರಡು ಹಾಲಿನ ಜಾಗ.