ಮುಳುಗಿದ ಓಣಿಯ ಮೇಲೆ ಚಂದಿರ: ಒಂದು ಷಟ್ಪದಿ ಬರೆದ ನನ್ನ ಅನುಭವ

ಬಾಗಲಕೋಟೆಯ ನವನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಭಾಮಿನಿ ಷಟ್ಪದಿ ಹೇಳಿಕೊಡುವಾಗ, ಪುಸ್ತಕದ ಪದ್ಯಕ್ಕೆ ಪ್ರಸ್ತಾರ ಹಾಕಿದರೆ ಸಾಲದು, ನಾವೇ ಒಂದು ಬರೆಯೋಣ ಅಂದೆ. ವಿಷಯ ಆಲಮಟ್ಟಿ ಹಿನ್ನೀರಿನ ಮೇಲೆ ಮೂಡುವ ಚಂದ್ರ. ನಮ್ಮ ಹಳೇ ಊರಿನ ಎಷ್ಟೋ ಓಣಿಗಳು ಆ ನೀರಿನ ಕೆಳಗಿವೆ, ನನ್ನ ಅಜ್ಜಿಯ ಮನೆಯಿದ್ದ ಓಣಿಯೂ ಸೇರಿ.

ನನ್ನ ಹತ್ತಿರ ಸಮಾನಾರ್ಥಕ ಪದಗಳ ಪಟ್ಟಿ ಇತ್ತು. ಚಂದ್ರನಿಗೆ ಇಂದು, ಶಶಿ, ಸೋಮ, ವಿಧು, ಶಶಾಂಕ, ಹಿಮಕರ, ಸುಧಾಕರ. ನೀರಿಗೆ ಜಲ, ವಾರಿ, ತೋಯ, ಅಂಬು, ಉದಕ, ಸಲಿಲ. ಯಾವುದನ್ನು ಬೇಕಾದರೂ ಎತ್ತಿ ಕೂಡಿಸಬಹುದು ಅಂದುಕೊಂಡಿದ್ದೆ.

ಭಾಮಿನಿಯ ಸಣ್ಣ ಸಾಲಿನ ಲೆಕ್ಕ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಮಾತ್ರೆ ಅಂದರೆ ಅಕ್ಷರ ಹೇಳುವ ಹೊತ್ತಿನ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು. ಸಾಲು ಮೂರು ಮಾತ್ರೆಯಿಂದ ಶುರುವಾಗಬೇಕು, ‘ಇಂದು’ ಸರಿಯಾಗಿ ಮೂರು. ಹಲಗೆಯ ಮೇಲೆ ಬರೆದೆ:

ಇಂದು ಮೂಡಿದ ಕೃಷ್ಣೆಯಂಚಲಿ

ಲೆಕ್ಕ ಚೊಕ್ಕವಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಇಂದ ಯಾರ ಮೂಡ್ಯಾರ್ರೀ?’ ಅಂತ ಕೇಳಿದಳು. ಅವಳ ಕಿವಿಗೆ ಕೇಳಿದ್ದು ‘ಇವತ್ತು’. ತಪ್ಪು ಅವಳದಲ್ಲ. ಕನ್ನಡದಲ್ಲಿ ‘ಇಂದು’ ಒಂಟಿಯಾಗಿ ನಿಂತರೆ ದಿನವೇ ಮೊದಲು ನೆನಪಾಗುತ್ತದೆ. ‘ಇಂದುಬಿಂಬ’, ‘ಇಂದುಮುಖಿ’ ಅಂತ ಸಮಾಸದೊಳಗೆ ಕೂತಾಗ ಈ ಗೊಂದಲ ಇರುವುದಿಲ್ಲ. ‘ಇಂದುಬಿಂಬವು’ ಅಂತ ಶುರು ಮಾಡಿದ್ದರೂ ಮೂರು-ನಾಲ್ಕಕ್ಕೆ ಸರಿಹೋಗುತ್ತಿತ್ತು. ಆದರೆ ಮಕ್ಕಳು ಹಾಡುವ ಪದ್ಯಕ್ಕೆ ಅದು ಭಾರ ಅನಿಸಿತು.

‘ಶಶಾಂಕ’ ನೋಡಿದೆ. ನಾಲ್ಕು ಮಾತ್ರೆ ಇದೆ, ಆದರೆ ಲಘು-ಗುರು-ಲಘು, ಅಂದರೆ ಜಗಣ. ಷಟ್ಪದಿಯಲ್ಲಿ ಅದು ಒಂದು ಗಣವಾಗಿ ನಿಲ್ಲಬಾರದು, ಹಾಡಿದರೆ ನಡಿಗೆ ಕುಂಟುತ್ತದೆ. ‘ಆ ಶ, ಶಾಂಕನು’ ಅಂತ ಒಡೆದರೆ ಮೂರು-ನಾಲ್ಕು ಆಗುತ್ತದೆ. ಪಟ್ಟಿಯಲ್ಲಿ ಒಂದೇ ಪದವಾಗಿ ಕಂಡದ್ದು ಪದ್ಯದೊಳಗೆ ಎರಡು ಗಣಕ್ಕೆ ಹಂಚಿಹೋಗುವುದನ್ನು ಮಕ್ಕಳು ಚಪ್ಪಾಳೆ ತಟ್ಟಿ ಎಣಿಸಿ ನೋಡಿದರು. ‘ತಿಂಗಳು’ ನನಗೆ ಬಹಳ ಇಷ್ಟದ ಪದ, ನಮ್ಮ ಬೆಳದಿಂಗಳಲ್ಲಿ ಇಂದಿಗೂ ಉಳಿದಿದೆ. ಒಂಟಿಯಾಗಿ ಹೇಳಿದರೆ ಮಾತ್ರ ಮಕ್ಕಳಿಗೆ ಕ್ಯಾಲೆಂಡರಿನ ತಿಂಗಳು.

ಕೊನೆಗೆ ಉಳಿದದ್ದು ಅವರು ಅಂಗನವಾಡಿಯಿಂದ ಹಾಡಿಕೊಂಡು ಬಂದ ಚಂದಿರ. ‘ಚಂದ್ರ’ ಯಾಕಲ್ಲ ಅಂದರೆ, ಪ್ರಾಸಕ್ಕಾಗಿ ಆರೂ ಸಾಲಿನಲ್ಲಿ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ‘ಚಂದಿರ’ ಇಟ್ಟರೆ ಮಂದ, ಹಿಂದೆ, ಬಂದು ಎಲ್ಲ ಕೂಡಿಬರುತ್ತವೆ. ‘ಚಂದ್ರ’ ಇಟ್ಟರೆ ‘ಂದ್ರ’ ಇರುವ ಇನ್ನೈದು ಪದ ಹುಡುಕಬೇಕು.

ಚಂದಿರನು ಮೂಡಿದನು ಕೃಷ್ಣೆಯ
ಮಂದ ತೆರೆಗಳ ಮೇಲೆ ಮೆಲ್ಲಗೆ

ಮೂರನೇ ಸಾಲು ಉದ್ದದ್ದು, ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು. ಅಲ್ಲಿ ನೀರು ಬರಬೇಕಿತ್ತು. ನಾನು ಮೊದಲು ಬರೆದದ್ದು:

ಹಿಂದೆ ಮುಳುಗಿದ ಊರ ಓಣಿಯ ವಾರಿಯೊಳು ಬೆಳಗಿ

ಮಕ್ಕಳಿಗೆ ‘ವಾರಿ’ ತೆಗೆದು ಬೇರೆ ಪದ ಹಾಕಿ ನೋಡಲು ಹೇಳಿದೆ. ತೋಯದೊಳು, ಸಲಿಲದೊಳು, ಉದಕದೊಳು, ನೀರಿನೊಳು. ಒಂದೂ ಲೆಕ್ಕ ತಪ್ಪಲಿಲ್ಲ, ಎಲ್ಲವೂ ಐದೇ ಮಾತ್ರೆ. ಸಾಲಿನ ನಡುವೆ ಪ್ರಾಸದ ಕಟ್ಟೂ ಇಲ್ಲ. ಅಲ್ಲಿಗೆ ಛಂದಸ್ಸಿನ ಕೆಲಸ ಮುಗಿದು, ಆಯ್ಕೆ ಪೂರ್ತಿ ನಮ್ಮ ಕೈಗೆ ಬಂತು. ‘ಉದಕ’ ಅಂದ ಕೂಡಲೇ ಒಬ್ಬ ಹುಡುಗ ‘ಪಾದೋದಕ’ ಅಂದ. ಅವನ ಮನೆಯಲ್ಲಿ ಆ ಪದ ಪೂಜೆಯ ಹೊತ್ತಿಗೆ ಬರುತ್ತದೆ. ಮುಳುಗಿದ ಓಣಿಗೆ ಅದು ಹೊಂದಲಿಲ್ಲ.

ಆಗ ನನಗೆ ನೆನಪಾದವನು ನಮ್ಮ ಮುಧೋಳದ ರನ್ನ. ಅವನ ‘ಗದಾಯುದ್ಧ’ ಕಾವ್ಯದಲ್ಲಿ ಭೀಮನ ಆರ್ಭಟ ಕೇಳಿ, ಕೊಳದಲ್ಲಿ ಅಡಗಿದ್ದ ದುರ್ಯೋಧನ ‘ನೀರೊಳಗಿರ್ದುಂ ಬೆಮರ್ತನ್’. ನೀರೊಳಗಿದ್ದೂ ಬೆವೆತ. ಆ ಕಂದಪದ್ಯದ ಪ್ರಾಸಾಕ್ಷರ ‘ರ’, ಅದರ ಹಿಂದೆ ದೀರ್ಘ. ‘ವಾರಿಯೊಳಿರ್ದುಂ’ ಅಂತ ಇಟ್ಟಿದ್ದರೂ ಮಾತ್ರೆ ಕೆಡುತ್ತಿರಲಿಲ್ಲ, ಪ್ರಾಸವೂ ಕೆಡುತ್ತಿರಲಿಲ್ಲ. ಹಲಗೆಯ ಮೇಲೆ ಎರಡನ್ನೂ ಬರೆದು ಓದಿಸಿದೆ. ಬೆವರು ಮೈಯ ನೀರು. ‘ನೀರು’, ‘ಬೆಮರ್’ ಎರಡೂ ಮನೆಯ ಪದಗಳಾಗಿ ಪಕ್ಕಪಕ್ಕ ನಿಂತಾಗ ಆ ಮೈಯ ಒದ್ದೆ ನಮಗೆ ತಾಕುತ್ತದೆ. ‘ವಾರಿ’ ಹಾಕಿ ಓದಿದಾಗ ತಾಕಲಿಲ್ಲ.

ನಾನು ಹಲಗೆಯಿಂದ ‘ವಾರಿಯೊಳು’ ಒರೆಸಿದೆ.

ಹಿಂದೆ ಮುಳುಗಿದ ಊರ ಓಣಿಯ ನೀರಿನೊಳು ಬೆಳಗಿ

ಉಳಿದ ಮೂರು ಸಾಲು ಮಕ್ಕಳು ಮನೆಯಲ್ಲಿ ಬರೆಯುತ್ತಿದ್ದಾರೆ. ಹಳೇ ಊರಿನ ತಮ್ಮ ಓಣಿಯ ಹೆಸರನ್ನು ಅಜ್ಜಿ-ಅಜ್ಜಂದಿರಿಂದ ಕೇಳಿಕೊಂಡು ಬನ್ನಿ ಅಂದಿದ್ದೇನೆ. ಯಾವ ಹೆಸರು ನಾಲ್ಕು ಮಾತ್ರೆಗೆ ಕೂಡುತ್ತದೋ ಸೋಮವಾರ ಎಣಿಸಬೇಕು.