550 ವ್ಯಾಟ್ ಅಂತ ಬರೆದಿತ್ತು, ಆದರೂ ಸಾಲಲಿಲ್ಲ

ನನ್ನ ಹಳೇ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್. 125 ವ್ಯಾಟ್ ಸಾಕು ಅದಕ್ಕೆ. ಗೆಳೆಯನೊಬ್ಬ ತನ್ನ ಆರ್‌ಟಿಎಕ್ಸ್ 3080 ಮಾರುತ್ತೇನೆ ಅಂದಾಗ ತಡ ಮಾಡದೆ ಕೊಂಡೆ. 10 ಜಿಬಿ ಮೆಮೊರಿ, ತಲೆಯ ಮೇಲೆ ಎರಡು 8 ಪಿನ್ ಸಾಕೆಟ್, 320 ವ್ಯಾಟ್ ಹಸಿವು.

ಕೊಳ್ಳುವ ಮೊದಲು ಲೆಕ್ಕ ಹಾಕಿದ್ದೆ, ಹಾಕಿರಲಿಲ್ಲ ಅಂತಲ್ಲ. ಕಾರ್ಡಿಗೆ 320. ನನ್ನ ರೈಜನ್ 5 5600 ಪ್ರೊಸೆಸರ್ ಪೆಟ್ಟಿಗೆಯ ಮೇಲೆ 65 ವ್ಯಾಟ್ ಅಂತಿದ್ದರೂ ಪೂರ್ತಿ ದುಡಿಯುವಾಗ 76ರ ತನಕ ಎಳೆಯುತ್ತದೆ. ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಒಂದು 50 ಇಟ್ಟುಕೊಂಡೆ. ಒಟ್ಟು 446. ಮನೆಯಲ್ಲಿದ್ದ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ, 550 ವ್ಯಾಟಿನದು. ನೂರು ವ್ಯಾಟ್ ಉಳಿಯಿತಲ್ಲ, ಮತ್ತೇನು ಬೇಕು ಅಂದುಕೊಂಡೆ. ಅದರಲ್ಲಿ ಕಾರ್ಡಿಗೆ ಅಂತ ಇದ್ದದ್ದು ಒಂದೇ ಕೇಬಲ್. ಆದರೆ ತುದಿಯಲ್ಲಿ ಎರಡು ತಲೆ. ಎರಡು ಸಾಕೆಟ್, ಎರಡು ತಲೆ, ಸರಿಹೋಯಿತು.

ಕಂಪ್ಯೂಟರ್ ಆನ್ ಆಯಿತು. ವಿಂಡೋಸ್ ಬಂತು, ಯೂಟ್ಯೂಬ್ ಓಡಿತು, ಸಣ್ಣಪುಟ್ಟ ಗೇಮುಗಳೂ ಓಡಿದವು. ಆಮೇಲೆ ಒಂದು ದೊಡ್ಡ ಗೇಮ್ ತೆರೆದು ಹತ್ತು ನಿಮಿಷ ಆಗಿರಲಿಲ್ಲ, ಠಪ್ ಅಂತ ಎಲ್ಲ ಆರಿಹೋಯಿತು. ಪರದೆ ಮಾತ್ರ ಅಲ್ಲ, ಫ್ಯಾನೂ ನಿಂತಿತು. ಬಟನ್ ಒತ್ತಿದರೆ ಏಳಲಿಲ್ಲ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದ ಮೇಲೆ ಎದ್ದಿತು.

ಈ ಲಕ್ಷಣವನ್ನು ಸರಿಯಾಗಿ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಡ್ರೈವರ್ ಕೆಟ್ಟರೆ ಸಾಮಾನ್ಯವಾಗಿ ಪರದೆ ಕಪ್ಪಾಗಿ ವಾಪಸ್ ಬರುತ್ತದೆ, ಇಲ್ಲ ನೀಲಿ ಪರದೆ ಬರುತ್ತದೆ. ಬಿಸಿ ಜಾಸ್ತಿಯಾದರೆ ಮೊದಲು ಗೇಮ್ ನಿಧಾನವಾಗುತ್ತದೆ. ಏನೂ ಹೇಳದೆ ಕೇಳದೆ ಇಡೀ ಪೆಟ್ಟಿಗೆಯೇ ಆರಿ, ಹಿಂದಿನ ಸ್ವಿಚ್ ಮುಟ್ಟುವ ತನಕ ಏಳದಿದ್ದರೆ ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳಲು ಬಾಗಿಲು ಹಾಕಿಕೊಂಡಿದೆ ಅಂತಲೇ ಮೊದಲು ಅನುಮಾನಿಸಬೇಕು. ವಿಂಡೋಸ್ ಬರೆದಿಡುವ ದಾಖಲೆ ತೋರಿಸುವ Event Viewer ತೆರೆದರೆ `Kernel-Power 41` ಅಂತ ಒಂದು ಸಾಲು ಕಂಡಿತು. ಅದು ಕಾರಣ ಹೇಳುವುದಿಲ್ಲ, ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಮಾತ್ರ ಹೇಳುತ್ತದೆ.

ಅನುಮಾನ ಸಾಕಾಗಲಿಲ್ಲ, ಖಚಿತವಾಗಬೇಕಿತ್ತು. ಕಾರ್ಡ್ ಎಷ್ಟು ವ್ಯಾಟ್ ಎಳೆಯಬಹುದು ಅಂತ ಮಿತಿ ಹಾಕಲು ಒಂದು ಕಮಾಂಡ್ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಹೀಗೆ ಹೊಡೆದೆ:

```
nvidia-smi -q -d POWER
nvidia-smi -pl 220
```

ಮೊದಲನೆಯದು ಈಗಿನ ಮಿತಿ ಎಷ್ಟು ಅಂತ ತೋರಿಸುತ್ತದೆ, ಎರಡನೆಯದು 220 ವ್ಯಾಟಿಗೆ ಇಳಿಸುತ್ತದೆ. ರೀಸ್ಟಾರ್ಟ್ ಮಾಡಿದರೆ ಮತ್ತೆ ಮೊದಲಿನಂತೆ ಆಗುವುದರಿಂದ ಭಯವಿಲ್ಲ. 220ರಲ್ಲಿ ಅದೇ ಗೇಮ್ ಎರಡು ಗಂಟೆ ಆಡಿದೆ, ಏನೂ ಆಗಲಿಲ್ಲ. 320ಕ್ಕೆ ಏರಿಸಿದೆ, ಹತ್ತು ನಿಮಿಷದೊಳಗೆ ಠಪ್. ಕಾರ್ಡ್ ಕೊಟ್ಟ ಗೆಳೆಯನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ, ಅದನ್ನು ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಮಾಡಿದ ಕೆಲಸವನ್ನು ನಿಜಕ್ಕೂ ಮೊದಲೇ ಮಾಡಬೇಕಿತ್ತು. ಎಸ್‌ಎಂಪಿಎಸ್ ಬಿಚ್ಚಿ ಪಕ್ಕದ ಸ್ಟಿಕರ್ ಓದಿದೆ. 12 ವೋಲ್ಟ್ ಸಾಲಿನಲ್ಲಿ 38 ಆಂಪ್ ಅಂತಿತ್ತು. 12 ಗುಣಿಸು 38, ಅಂದರೆ 456 ವ್ಯಾಟ್. ಉಳಿದ ವ್ಯಾಟುಗಳು 3.3 ಮತ್ತು 5 ವೋಲ್ಟ್ ಸಾಲುಗಳ ಪಾಲು. ಈಗಿನ ಕಂಪ್ಯೂಟರಿನಲ್ಲಿ ಕಾರ್ಡ್, ಪ್ರೊಸೆಸರ್, ಫ್ಯಾನ್ ಎಲ್ಲ ತಿನ್ನುವುದು 12 ವೋಲ್ಟಿನಿಂದಲೇ. ಹಾಗಾಗಿ ನನಗೆ ಬೇಕಿದ್ದದ್ದು 446, ಇದ್ದದ್ದು 456. ನೂರು ವ್ಯಾಟ್ ಉಳಿತಾಯ ಎಲ್ಲಿಂದ ಬರಬೇಕು?

ಅದಕ್ಕಿಂತ ಹೆಚ್ಚಾಗಿ, 320 ಅನ್ನುವುದೇ ಸರಾಸರಿ ಲೆಕ್ಕ. ಈ ಕಾರ್ಡು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು 450 ವ್ಯಾಟ್ ದಾಟಿ ಜಿಗಿಯಬಲ್ಲದು. ಪರದೆಯ ಮೇಲಿನ ಮೀಟರ್ ಅದನ್ನು ತೋರಿಸುವುದಿಲ್ಲ, ಯಾಕೆಂದರೆ ಅದು ನಿಧಾನಕ್ಕೆ ಎಣಿಸುತ್ತದೆ. ಎಸ್‌ಎಂಪಿಎಸ್ ಒಳಗಿನ ಕಾವಲುಗಾರನಿಗೆ ಮಾತ್ರ ಕಾಣುತ್ತದೆ.

ಆದ್ದರಿಂದ ಎರಡನೇ ಸಲ ಲೆಕ್ಕ ಹಾಕುವಾಗ ಕಾರ್ಡಿಗೆ 320 ಹಾಕಲಿಲ್ಲ, ಒಂದೂವರೆ ಪಟ್ಟು, 480 ಹಾಕಿದೆ. ಅದಕ್ಕೆ 76, ಅದಕ್ಕೆ 50. ಒಟ್ಟು 606. ಒಳ್ಳೆಯ 650 ವ್ಯಾಟಿನದು ಎಳೆದುಕೊಂಡು ಹೋಗಬಹುದು. ಕಾರ್ಡಿನ ಚಿಪ್ ಮಾಡಿದ ಎನ್ವಿಡಿಯಾ ಹೇಳುವುದು 750. ನಾನು 750 ಅನ್ನೇ ಆರಿಸಿದೆ, 12 ವೋಲ್ಟ್ ಸಾಲಿನಲ್ಲಿ 62 ಆಂಪ್ ಇರುವುದನ್ನು ನೋಡಿ. ಅಂದರೆ 744 ವ್ಯಾಟ್, ಹೆಚ್ಚೂಕಡಿಮೆ ಪೂರ್ತಿ ಅಲ್ಲೇ ಸಿಗುತ್ತದೆ. 1000 ವ್ಯಾಟಿನದು ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ಸುಳ್ಳು, ಕಂಪ್ಯೂಟರ್ ಕೇಳಿದಷ್ಟನ್ನೇ ಅದು ಕೊಡುತ್ತದೆ. ನಾನು ಬೇಡ ಅಂದದ್ದು ದುಡ್ಡಿಗೋಸ್ಕರ ಅಷ್ಟೇ.

ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯಲ್ಲಿ ಒಂದು ಮಾತು ನಡೆಯಿತು. ಹೊಸದು ಕೊಳ್ಳುವ ಮೊದಲು, ಹಳೆಯದಕ್ಕೆ ಇನ್ನೊಂದು ಕೇಬಲ್ ಸಿಗುತ್ತಾ ಅಂತ ಕೇಳಿದ್ದೆ.

“ಯಾಕೆ ಸಾರ್ ಸುಮ್ನೆ ಖರ್ಚು? ಕನ್ವರ್ಟರ್ ಇದೆ. ಎರಡು ಸಾಟಾದಿಂದ ಒಂದು 8 ಪಿನ್ ಆಗುತ್ತೆ,” ಅಂದ ಹುಡುಗ.

“ಅದು 150 ವ್ಯಾಟ್ ತಡೆಯುತ್ತಾ?”

“ಎಲ್ರೂ ಹಾಕ್ತಾರೆ ಸಾರ್.”

ಹಾಕಬಾರದು. ಸಾಟಾ ಅಂದರೆ ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ತಲೆ. ಅಂಥ ಒಂದು ತಲೆಯ 12 ವೋಲ್ಟಿಗೆ ಇರುವ ಮಿತಿ 4.5 ಆಂಪ್, ಅಂದರೆ 54 ವ್ಯಾಟ್. ಎರಡು ಸೇರಿಸಿದರೂ 108. ಅತ್ತ 8 ಪಿನ್ ಸಾಕೆಟ್ ಇರುವ ಕಾರ್ಡು, ಇಲ್ಲಿಂದ 150 ಸಿಗುತ್ತದೆ ಅಂತ ನಂಬಿ ಎಳೆಯುತ್ತದೆ. ನಡುವೆ ಕರಗುವುದು ಆ ಪುಟ್ಟ ಪ್ಲಾಸ್ಟಿಕ್.

ಮನೆಗೆ ಬಂದು ಹೊಸ ಎಸ್‌ಎಂಪಿಎಸ್ ಜೋಡಿಸುವಾಗ ಸೋಮಾರಿತನ ಬಂತು. ಹಳೆಯದರ ಕೇಬಲ್ಲುಗಳನ್ನು ಕ್ಯಾಬಿನೆಟ್ ಹಿಂದೆ ಚೆನ್ನಾಗಿ ಹಾಯಿಸಿ ಟೈ ಹಾಕಿದ್ದೆ. ಹಳೆಯದು, ಹೊಸದು ಎರಡು ಎಸ್‌ಎಂಪಿಎಸ್‌ಗಳೂ ಕೇಬಲ್ ಕಳಚಿ ಹಾಕುವ ಮಾದರಿಯವೇ. ಪೆಟ್ಟಿಗೆ ಮಾತ್ರ ಬದಲಿಸಿ ಹಳೇ ಕೇಬಲ್ ಸಿಕ್ಕಿಸಿದರೆ ಆಯಿತಲ್ವಾ? ತುದಿ ಸಲೀಸಾಗಿ ಕೂತುಕೊಳ್ಳುತ್ತಿತ್ತು ಕೂಡ. ಅದೃಷ್ಟಕ್ಕೆ ಮಲ್ಟಿಮೀಟರ್ ಕೈಯಲ್ಲೇ ಇತ್ತು. ಹಳೇ ಕೇಬಲ್, ಹೊಸ ಕೇಬಲ್ ಎರಡನ್ನೂ ಮೇಜಿನ ಮೇಲಿಟ್ಟು, ಯಾವುದಕ್ಕೂ ಸಿಕ್ಕಿಸದೆ, ಬೀಪ್ ಮೋಡಿನಲ್ಲಿ ಒಂದೊಂದೇ ತೂತು ಪರೀಕ್ಷಿಸಿದೆ. ಕಾರ್ಡ್ ಕಡೆಯ ತಲೆಯಲ್ಲಿರುವ ಮೂರು 12 ವೋಲ್ಟ್ ಪಿನ್ನುಗಳು ಹೊಸದರಲ್ಲಿ ಎಸ್‌ಎಂಪಿಎಸ್ ಕಡೆಯ ಕೆಳಗಿನ ಸಾಲಿಗೆ ಹೋಗುತ್ತಿದ್ದವು. ಹಳೆಯದರಲ್ಲಿ ಮೇಲಿನ ಸಾಲಿಗೆ. ಅಂದರೆ ಹಳೇ ಕೇಬಲ್ ಹಾಕಿದ್ದರೆ ಕಾರ್ಡಿಗೆ ಪ್ಲಸ್ ಇರಬೇಕಾದಲ್ಲಿ ಗ್ರೌಂಡ್, ಗ್ರೌಂಡ್ ಇರಬೇಕಾದಲ್ಲಿ ಪ್ಲಸ್. ಕಾರ್ಡ್ ಕಡೆಯ ತಲೆಗೆ ಮಾತ್ರ ಎಲ್ಲ ಕಂಪನಿಗೂ ಒಂದೇ ನಿಯಮ. ಎಸ್‌ಎಂಪಿಎಸ್ ಕಡೆಯದಕ್ಕೆ ಅಂಥ ನಿಯಮವೇ ಇಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಟೈಗಳನ್ನೆಲ್ಲ ಕತ್ತರಿಸಿ ಹಳೇ ಕೇಬಲ್ ಪೂರ್ತಿ ಎಳೆದು ಹಾಕಿದೆ.

ಹೊಸ ಪೆಟ್ಟಿಗೆಯ ಚೀಲದಲ್ಲಿ ಎರಡು ಥರದ 8 ಪಿನ್ ಇದ್ದವು. ಪ್ರೊಸೆಸರಿನದು 4 ಮತ್ತು 4 ಆಗಿ ಒಡೆಯುತ್ತದೆ, ಕಾರ್ಡಿನದು 6 ಮತ್ತು 2 ಆಗಿ. ನೋಡಲು ಅಣ್ಣತಮ್ಮಂದಿರ ಹಾಗೆ, ಆದರೆ ಪ್ಲಸ್ ಮತ್ತು ಗ್ರೌಂಡ್ ಸಾಲುಗಳು ಒಂದಕ್ಕೊಂದು ಉಲ್ಟಾ. ಪಿನ್ನುಗಳ ಆಕಾರ ಬೇರೆ ಇರುವುದರಿಂದ ಸುಲಭವಾಗಿ ಒಳಗೆ ಹೋಗುವುದಿಲ್ಲ. ಹೋಗುತ್ತಿಲ್ಲ ಅಂದರೆ ಒತ್ತಬೇಡಿ, ಕೈಯಲ್ಲಿರುವುದು ತಪ್ಪು ಕೇಬಲ್.

ಕಾರ್ಡಿಗೆ ಈ ಸಲ ಎರಡು ಬೇರೆ ಬೇರೆ ಕೇಬಲ್ ಹಾಕಿದೆ. ಕಾರ್ಡು ಮದರ್‌ಬೋರ್ಡ್ ಸ್ಲಾಟಿನಿಂದ ಹೆಚ್ಚೆಂದರೆ 75 ವ್ಯಾಟ್ ತೆಗೆದುಕೊಳ್ಳಬಹುದು. 60 ತೆಗೆದುಕೊಂಡಿತು ಅನ್ನೋಣ, ಉಳಿದ 260 ಕೇಬಲ್ ಮೂಲಕ ಬರಬೇಕು. ಸುಮಾರು 22 ಆಂಪ್. ಒಂದೇ ಕೇಬಲ್, ಎರಡು ತಲೆ ಆದರೆ ಎಸ್‌ಎಂಪಿಎಸ್ ಕಡೆ ಮೂರೇ ತಂತಿ ಆ ಇಡೀ ಹೊರೆ ಹೊರಬೇಕು, ಒಂದೊಂದಕ್ಕೆ 7 ಆಂಪಿಗಿಂತ ಜಾಸ್ತಿ. ಆ ಪುಟ್ಟ ಪಿನ್ನುಗಳ ಮಿತಿಗೆ ಇದು ತೀರಾ ಹತ್ತಿರ. ಎರಡು ಕೇಬಲ್ ಆದರೆ ತಂತಿಗೆ 4ಕ್ಕಿಂತ ಕಡಿಮೆ. ಆಂಪ್ ಅರ್ಧವಾದರೆ ತಂತಿಯ ಬಿಸಿ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ತಲೆಯ ಕೇಬಲ್ ಕೆಟ್ಟದ್ದಲ್ಲ, 200 ವ್ಯಾಟಿನ ಕಾರ್ಡಿಗೆ ಧಾರಾಳವಾಗಿ ಸಾಕು. ನನ್ನ ಕಾರ್ಡಿಗೆ ಬೇಡ ಅಷ್ಟೇ.

ಎಲ್ಲ ಜೋಡಿಸಿ ಆನ್ ಮಾಡಿದೆ. ಪರದೆಯ ಮೇಲೆ ಬಂದದ್ದು:

```
PLEASE POWER DOWN AND CONNECT THE PCIe POWER CABLE(S) FOR THIS GRAPHICS CARD
```

ಎದೆ ಧಸಕ್ ಅಂದಿತು. ಟಾರ್ಚ್ ಹಿಡಿದು ನೋಡಿದರೆ, ಒಂದು ತಲೆಯಲ್ಲಿ 6 ಪಿನ್ ಭಾಗ ಕೂತಿದೆ, 2 ಪಿನ್ ತುಣುಕು ಅರ್ಧಕ್ಕೇ ನಿಂತಿದೆ. ತಮಾಷೆ ಅಂದರೆ ಆ 2 ಪಿನ್ನಿನಲ್ಲಿ 12 ವೋಲ್ಟ್ ಇಲ್ಲವೇ ಇಲ್ಲ. ಎರಡೂ ಗ್ರೌಂಡಿಗೇ ಸೇರುತ್ತವೆ. ಅದರಲ್ಲೊಂದು, ಇದು 150 ವ್ಯಾಟಿನ ಕೇಬಲ್ ಅಂತ ಕಾರ್ಡಿಗೆ ಸುಳಿವು ಕೊಡುವ ಪಿನ್. ಅದು ತಾಗದಿದ್ದರೆ ಕಾರ್ಡು ಇದನ್ನು 75 ವ್ಯಾಟಿನ 6 ಪಿನ್ ಅಂದುಕೊಂಡು ಹಟ ಹಿಡಿಯುತ್ತದೆ. ಎರಡು ತುಣುಕನ್ನೂ ಮೊದಲೇ ಒಟ್ಟಿಗೆ ಹಿಡಿದು, ಟಕ್ ಅಂತ ಕೊಕ್ಕೆ ಬೀಳುವ ತನಕ ತಳ್ಳಿದೆ. ಆಮೇಲೆ ಸರಿಯಾಯಿತು.

ಮಿತಿ ಏನೂ ಹಾಕದೆ ಒಂದು ಗಂಟೆ ಅದೇ ಗೇಮ್ ಓಡಿಸಿದೆ. ಒಳಗಿನ ಅಳತೆಗಳನ್ನು ತೋರಿಸುವ HWiNFO ಅನ್ನುವ ತಂತ್ರಾಂಶದಲ್ಲಿ ನೋಡಿದರೆ, ಕಾರ್ಡಿಗೆ ಬರುವ 12 ವೋಲ್ಟ್ 11.8ಕ್ಕಿಂತ ಕೆಳಗೆ ಇಳಿಯಲಿಲ್ಲ. 11.4ಕ್ಕೆ ಇಳಿದಿದ್ದರೆ ಚಿಂತೆ ಮಾಡಬೇಕಿತ್ತು. ಕೇಬಲ್ ತಲೆ ಮುಟ್ಟಿದರೆ ಉಗುರುಬೆಚ್ಚಗೆ.

ಇಷ್ಟಾದ ಮೇಲೂ ಒಂದು ಮರೆತಿದ್ದೆ. ವಾರದ ನಂತರ ಗೇಮ್ ನಡುವೆ ಕರೆಂಟ್ ಹೋಯಿತು, ಯುಪಿಎಸ್ ಒಂದೇ ಸಮನೆ ಕಿರುಚಿ ಆರಿತು. ಅದು 600 ವಿಎ, ಅಂದರೆ 360 ವ್ಯಾಟಿನದು. ಒಳಗೆ 446 ಬೇಕಾದರೆ ಗೋಡೆಯಿಂದ 500ರ ಮೇಲೆ ಎಳೆಯುತ್ತದೆ, ಮಾನಿಟರ್ ಬೇರೆ. 660 ವ್ಯಾಟಿನ ಯುಪಿಎಸ್ ತರಬೇಕಾಯಿತು. ಆ ಖರ್ಚು ಮೊದಲ ಲೆಕ್ಕದಲ್ಲಿ ಇರಲೇ ಇಲ್ಲ.

ಹಳೇ 550ರ ಎಸ್‌ಎಂಪಿಎಸ್ ಈಗ ಅಕ್ಕನ ಮಗನ ಕಂಪ್ಯೂಟರಿನಲ್ಲಿದೆ, ಅದೇ 1660 ಸೂಪರ್ ಜೊತೆ, ಆರಾಮಾಗಿ. ಉಳಿದ ಕೇಬಲ್ಲುಗಳನ್ನು ಒಂದು ಕವರಿಗೆ ಹಾಕಿ, ಮೇಲೆ “ಈ ಡಬ್ಬಿಯದ್ದು ಮಾತ್ರ, ಬೇರೆಯದಕ್ಕೆ ಹಾಕಬೇಡ” ಅಂತ ಬರೆದು ಕೊಟ್ಟೆ. “ಮಾಮ, ಕೇಬಲ್ ಎಲ್ಲ ಒಂದೇ ಅಲ್ವಾ?” ಅಂದ. ಮಲ್ಟಿಮೀಟರ್ ತೆಗೆದುಕೊಂಡು ಬಾ ಅಂದೆ.